ತುಟ್ಟಿ ಟೊಮೆಟೊ, ಕೊಳೆಯುವ ಈರುಳ್ಳಿ: ನಂಬಿಕೆ ಏನು, ನಿಜ ಏನು?

ನಂಬಿಕೆ: ಟೊಮೆಟೊ ದರ ಏರತೊಡಗಿದರೆ ಇನ್ನೂ ಏರುತ್ತದೆ, ಇವತ್ತೇ ಹೆಚ್ಚು ಕೊಂಡಿಡಬೇಕು.

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಸೆಪ್ಟೆಂಬರ್ ಹೊತ್ತಿಗೆ ದರ ಎಷ್ಟು ಕುಸಿಯಿತೆಂದರೆ, ದೇಶದ ಹಲವೆಡೆ ರೈತರು ಹಣ್ಣನ್ನು ರಸ್ತೆಗೆ ಸುರಿಯುವಂತಾಯಿತು. ಇದಕ್ಕೆ ಕಾರಣ ಬೆಳೆಯ ಲೆಕ್ಕದಲ್ಲೇ ಇದೆ. ನರ್ಸರಿಯಲ್ಲಿ ಸಸಿಗೆ ಸುಮಾರು ಒಂದು ತಿಂಗಳು ಬೇಕು, ನಾಟಿಯಾದ ಮೇಲೆ ಮೊದಲ ಕೊಯ್ಲಿಗೆ ಇನ್ನೆರಡು ತಿಂಗಳು. ಮಾರ್ಚ್‌ನಲ್ಲಿ ದರ ನೆಲಕಚ್ಚಿದರೆ ರೈತರು ನಾಟಿ ಕಡಿಮೆ ಮಾಡುತ್ತಾರೆ. ಅದರ ಮೇಲೆ ಏಪ್ರಿಲ್-ಮೇ ಬಿಸಿಲಿಗೆ ಹೂ ಉದುರುತ್ತದೆ, ಎಲೆ ಮುದುಡು ರೋಗವೂ ಸೇರಿಕೊಳ್ಳುತ್ತದೆ. ಇವೆಲ್ಲ ಕೂಡಿ ಜುಲೈನಲ್ಲಿ ಕೊರತೆಯಾಗಿ ಕಾಣಿಸುತ್ತದೆ. ದರ ಏರಿದ್ದು ನೋಡಿ ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ಆ ಫಸಲೂ ಒಟ್ಟಿಗೇ ಬರುತ್ತದೆ.

ಹಾಗಾಗಿ ಟೊಮೆಟೊ ತುಟ್ಟಿಯ ಕಾಲವನ್ನು ಒಂದೆರಡು ತಿಂಗಳು ಅಡುಗೆ ಬದಲಿಸಿಕೊಂಡೇ ದಾಟಬೇಕು. ಹಣ್ಣಾದ ಟೊಮೆಟೊ ವಾರದ ಮೇಲೆ ನಿಲ್ಲುವುದು ಕಷ್ಟ. ಹಣ್ಣನ್ನು ಹಾಗೇ ದಾಸ್ತಾನು ಮಾಡಿ ಗೆಲ್ಲುವ ಮಾತು ಮನೆಗೂ ಇಲ್ಲ, ವ್ಯಾಪಾರಿಗೂ ಇಲ್ಲ.

ನಂಬಿಕೆ: ಟೊಮೆಟೊ ಇಲ್ಲದೆ ಸಾರಿಗೆ ರುಚಿ ಬರದು.

ಟೊಮೆಟೊ ಸಾರಿಗೆ ಮೂರು ಕೆಲಸ ಮಾಡುತ್ತದೆ: ಹುಳಿ, ಸ್ವಲ್ಪ ಸಿಹಿ, ಸ್ವಲ್ಪ ಮಂದ. ಬದಲಿಗೆ ಬರೀ ಹುಣಸೆಹುಳಿ ಹಿಂಡಿದವರಿಗೆ ಸಾರು ತೀಕ್ಷ್ಣವಾಗಿ, ನೀರುನೀರಾಗಿ ಅನ್ನಿಸುವುದು ಉಳಿದೆರಡು ತಪ್ಪಿದ್ದರಿಂದ. ನಾಲ್ಕು ಜನರ ಸಾರಿಗೆ ಹಾಕುವ ನಾಲ್ಕು ಟೊಮೆಟೊ, ಅಂದರೆ ಸುಮಾರು 300 ಗ್ರಾಂ. ಅದರ ಹುಳಿಗೆ ಸಣ್ಣ ನೆಲ್ಲಿಕಾಯಿ ಗಾತ್ರದ, ಹತ್ತು ಗ್ರಾಂ ಆಸುಪಾಸಿನ ಹುಣಸೆ ಸಾಕು. ಜೊತೆಗೆ ಚೂರು ಬೆಲ್ಲ, ಬೇಳೆಯೊಡನೆ ಬೇಯಿಸಿ ಮಸೆದ ಒಂದು ಹಿಡಿ ಸಿಹಿಗುಂಬಳ. ಹುಣಸೆರಸದ ಹಸಿ ವಾಸನೆ ಹೋಗುವಷ್ಟು ಕುದಿಸಲೇಬೇಕು. ಅವಸರದಲ್ಲಿ ಬಿಟ್ಟುಹೋಗುವುದು ಈ ಹೆಜ್ಜೆಯೇ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಪುನರ್ಪುಳಿ ಇದ್ದೇ ಇರುತ್ತದೆ. ಮಜ್ಜಿಗೆಹುಳಿಗೆ ಟೊಮೆಟೊದ ಹಂಗೇ ಇಲ್ಲ. ಮಾಧ್ವರ ಮನೆಗಳಲ್ಲಿ ಶಾಕವ್ರತ ಬರುವುದೂ ಇದೇ ಆಷಾಢ-ಶ್ರಾವಣದಲ್ಲಿ. ಆ ಒಂದು ತಿಂಗಳು ಟೊಮೆಟೊ, ಈರುಳ್ಳಿ ಎರಡೂ ಇಲ್ಲದೆ ಊಟ ಸೊಗಸಾಗಿ ನಡೆಯುವುದನ್ನು ಅಲ್ಲಿ ನೋಡಬಹುದು.

ಈರುಳ್ಳಿಯೂ ತುಟ್ಟಿಯಾದರೆ ಅದರ ಘಮಕ್ಕೆ ಒಗ್ಗರಣೆಯಲ್ಲಿ ಇಂಗು ಹಾಕಬಹುದು. ಪಲ್ಯದಲ್ಲಿ ಈರುಳ್ಳಿಯ ಪ್ರಮಾಣ ತುಂಬಲು ಸಣ್ಣಗೆ ಹೆಚ್ಚಿದ ಎಲೆಕೋಸು ಬಳಸಬಹುದು. ಈರುಳ್ಳಿಯನ್ನು ಕೆಂಪಗೆ ಹುರಿದೇ ಮಾಡುವ ಬಿರಿಯಾನಿಯಂಥ ಅಡುಗೆಗೆ ಮಾತ್ರ ಒಳ್ಳೆಯ ಬದಲಿ ಇಲ್ಲ. ಅದನ್ನು ಅಗ್ಗದ ತಿಂಗಳಿಗೆ ಇಟ್ಟುಕೊಳ್ಳುವುದೇ ಲೇಸು.

ನಂಬಿಕೆ: ಈರುಳ್ಳಿ ಯಾವಾಗ ಮೂಟೆಗಟ್ಟಲೆ ತಂದರೂ ಲಾಭವೇ.

ಮೂಟೆ ತರಬೇಕಾದ್ದು ಏಪ್ರಿಲ್-ಮೇನಲ್ಲಿ. ದೇಶದ ಈರುಳ್ಳಿಯಲ್ಲಿ ಹೆಚ್ಚಿನ ಪಾಲು ಹಿಂಗಾರಿನದು, ಅದು ಕೊಯ್ಲಾಗುವುದು ಆಗ. ಮುಂಗಾರಿನ ಬೆಳೆ ಬರುವ ತನಕ ಎಲ್ಲರ ಊಟ ಈ ದಾಸ್ತಾನಿನ ಮೇಲೆಯೇ ನಿಂತಿರುತ್ತದೆ. ಚಿತ್ರದುರ್ಗ, ಗದಗ ಕಡೆಯ ಮುಂಗಾರು ಗಡ್ಡೆ ಸೆಪ್ಟೆಂಬರ್‌ನಿಂದ ಬರತೊಡಗುತ್ತದೆ. ಅದರಲ್ಲಿ ನೀರಿನಂಶ ಜಾಸ್ತಿ, ಹೆಚ್ಚು ದಿನ ತಡೆಯುವುದಿಲ್ಲ. 2019ರಂತೆ ಕೊಯ್ಲಿನ ಹೊತ್ತಿಗೆ ಮಳೆ ಸುರಿದರೆ ಡಿಸೆಂಬರ್‌ವರೆಗೂ ದರ ಇಳಿಯದು. ಆಗ ವಾರಕ್ಕೆ ಬೇಕಾದಷ್ಟೇ ತರಬೇಕು.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 5 ಕೆ.ಜಿ. ಬಳಸುವ ಮನೆಯವರು ಮೇ ಕೊನೆಯಲ್ಲಿ ಕೆ.ಜಿ.ಗೆ 20 ರೂಪಾಯಿಯಂತೆ 15 ಕೆ.ಜಿ. ತಂದರು ಎಂದುಕೊಳ್ಳಿ, ಖರ್ಚು 300. ಒಣಗಿ, ಮೊಳೆತು, ಕೊಳೆತು ಕಾಲುಭಾಗ ಹೋದರೂ ಉಳಿದದ್ದು ಕೆ.ಜಿ.ಗೆ ಸುಮಾರು 27 ರೂಪಾಯಿ ಬಿತ್ತು. ಆಗಸ್ಟ್‌ನಲ್ಲಿ ಅಂಗಡಿ ದರ 40 ಇದ್ದರೆ ಲಾಭ. ಅರ್ಧವೇ ಹಾಳಾದರೆ ಅದೂ 40 ರೂಪಾಯಿಗೇ ಬಂದು ನಿಲ್ಲುತ್ತದೆ, ಶ್ರಮ ವ್ಯರ್ಥ. ಎಲ್ಲ ನಿಂತಿರುವುದು ಆಯ್ಕೆಯ ಮೇಲೆ. ಗಡ್ಡೆ ಮಧ್ಯಮ ಗಾತ್ರದ್ದಿರಲಿ, ಸಿಪ್ಪೆ ಒಣಗಿ ಸರಸರ ಅನ್ನಲಿ, ಕತ್ತು ಸಣ್ಣಗೆ ಬಿಗಿಯಾಗಿರಲಿ. ಒತ್ತಿದಾಗ ಕತ್ತಿನ ಹತ್ತಿರ ಮೆತ್ತಗಾದರೆ ಬೇಡ, ಕೊಳೆಯುವುದು ಹೆಚ್ಚಾಗಿ ಅಲ್ಲಿಂದಲೇ.

ನಂಬಿಕೆ: ಫ್ರಿಜ್ಜಿನಲ್ಲಿಟ್ಟರೆ ಈರುಳ್ಳಿ ಹೆಚ್ಚು ದಿನ ಬಾಳುತ್ತದೆ.

ಫ್ರಿಜ್ಜಿನ ತೇವಕ್ಕೆ ಇಡೀ ಗಡ್ಡೆ ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲೂ ಇದೇ ಗತಿ. ಬಿದಿರಿನ ಬುಟ್ಟಿಯಲ್ಲೋ ಗೋಣಿಯ ಮೇಲೋ, ಗಾಳಿಯಾಡುವ ನೆರಳಿನಲ್ಲಿ, ಒಂದೆರಡು ಪದರಕ್ಕಿಂತ ಹೆಚ್ಚಿಲ್ಲದಂತೆ ಹರಡಿ. ಆಲೂಗಡ್ಡೆಯಿಂದ ದೂರವಿಡಿ. ವಾರಕ್ಕೊಮ್ಮೆ ಕೈಯಾಡಿಸಿ, ಮೆತ್ತಗಾದದ್ದನ್ನು ತೆಗೆಯಿರಿ, ಮೊಳೆತದ್ದನ್ನು ಮೊದಲು ಅಡುಗೆಗೆ ಹಾಕಿ.

ಇನ್ನು ತಿಂಗಳುಗಳ ಲೆಕ್ಕ. ಹೊಸ ಹುಣಸೆ ಫೆಬ್ರವರಿ-ಮಾರ್ಚ್‌ನಲ್ಲಿ ಬರುತ್ತದೆ; ಬೀಜ, ನಾರು ತೆಗೆದು ಉಪ್ಪು ಬೆರೆಸಿ ವರ್ಷಕ್ಕಾಗುವಷ್ಟು ಎತ್ತಿಡಿ. ಟೊಮೆಟೊ ಅಗ್ಗವಿರುವುದೂ ಹೆಚ್ಚಾಗಿ ಆಗಲೇ. ಮೂರರಲ್ಲೊಂದು ಪಾಲಾಗುವಷ್ಟು ಬತ್ತಿಸಿ ಫ್ರೀಜರಿನಲ್ಲಿ ಅಚ್ಚು ಹಾಕಿಟ್ಟರೆ ಗೊಜ್ಜಿಗೆ ಆಯಿತು. ಏಪ್ರಿಲ್-ಮೇ ಈರುಳ್ಳಿಗೆ, ಮಾವಿನಕಾಯಿ ಒಣಗಿಸಿ ಪುಡಿ ಮಾಡುವುದಕ್ಕೆ. ಜೂನ್ ಬಂತೆಂದರೆ ಮಾರುಕಟ್ಟೆಯಲ್ಲಿ ಮೊದಲು ಟೊಮೆಟೊ ದರ ಕೇಳಿ, ಆಮೇಲೆ ಆ ವಾರದ ಅಡುಗೆ ತೀರ್ಮಾನಿಸಿ.