ಆಫೀಸ್ ವೇಳೆಯಲ್ಲಷ್ಟೇ ಓಡುವ ಗಡಿಯಾರ

ಹುಬ್ಬಳ್ಳಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದೆ ಎಂದುಕೊಳ್ಳೋಣ. ಅವರು ಬಳಸುವ ಲೆಕ್ಕಪತ್ರದ ಸಾಫ್ಟ್‌ವೇರ್ ಬೆಂಗಳೂರಿನ ಕಂಪನಿಯೊಂದರದು. 17ನೇ ತಾರೀಖು ಶುಕ್ರವಾರ ಸಂಜೆ 5:20ಕ್ಕೆ, ಬಿಲ್ಲುಗಳು ಜಿಎಸ್‌ಟಿ ಫೈಲಿಗೆ ಇಳಿಯುತ್ತಿಲ್ಲ ಎಂದು ಅಂಗಡಿಯವರು ಕಂಪನಿಯ ಸಪೋರ್ಟ್ ವಿಭಾಗಕ್ಕೆ ಬರೆಯುತ್ತಾರೆ. ಮರುಕ್ಷಣವೇ ಉತ್ತರ ಬರುತ್ತದೆ: ‘ನಿಮ್ಮ ಟಿಕೆಟ್ ದಾಖಲಾಗಿದೆ, 6 ಗಂಟೆಯೊಳಗೆ ಸರಿಪಡಿಸುತ್ತೇವೆ.’ ಅಂಗಡಿಯವರ ಲೆಕ್ಕಕ್ಕೆ ಅದು ಅದೇ ರಾತ್ರಿ 11:20. ಕಂಪನಿಯ ಲೆಕ್ಕಕ್ಕೆ ಸೋಮವಾರ ಮಧ್ಯಾಹ್ನ 3:20. ಆ ಸೋಮವಾರ 20ನೇ ತಾರೀಖು, ಪ್ರತಿ ತಿಂಗಳು ಜಿಎಸ್‌ಟಿಆರ್-3ಬಿ ಸಲ್ಲಿಸುವವರಿಗೆ ಕಡೇ ದಿನ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಕಂಪನಿಯ ಗಡಿಯಾರ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ಮಾತ್ರ ಓಡುತ್ತದೆ, ಉಳಿದ ಹೊತ್ತು ನಿಂತಿರುತ್ತದೆ. ಶುಕ್ರವಾರ 5:20ರಿಂದ 6ರವರೆಗೆ ಸಿಕ್ಕಿದ್ದು 40 ನಿಮಿಷ. ಬಾಕಿ ಉಳಿದ 5 ಗಂಟೆ 20 ನಿಮಿಷ ಸೋಮವಾರ ಬೆಳಿಗ್ಗೆ 10ರಿಂದ ಶುರುವಾಗಿ 3:20ಕ್ಕೆ ಮುಗಿಯುತ್ತದೆ. ಇಂಥ ವಾಗ್ದಾನವನ್ನು ಈ ಉದ್ಯಮದವರು ಎಸ್‌ಎಲ್‌ಎ ಎನ್ನುತ್ತಾರೆ. ಫ್ರೆಶ್‌ಡೆಸ್ಕ್, ಜೆಂಡೆಸ್ಕ್, ಜಿರಾದಂಥ ಟಿಕೆಟ್ ವ್ಯವಸ್ಥೆಗಳಲ್ಲಿ ಗಡಿಯಾರವನ್ನು ದಿನದ 24 ಗಂಟೆಯೂ ಓಡಿಸಬೇಕೋ ಕೆಲಸದ ವೇಳೆಯಲ್ಲಷ್ಟೇ ಓಡಿಸಬೇಕೋ ಎಂದು ಕಂಪನಿಯೇ ಆರಿಸಿಕೊಳ್ಳಬಹುದು.

ರಾತ್ರಿ ಪಾಳಿ ಇಲ್ಲದ ಸಣ್ಣ ತಂಡಕ್ಕೆ ಈ ಏರ್ಪಾಡು ನ್ಯಾಯವಾದದ್ದೇ. ಇದಿಲ್ಲದಿದ್ದರೆ ಸಂಜೆ ಬಂದ ಟಿಕೆಟ್ಟುಗಳೆಲ್ಲ ಯಾರೂ ಕುರ್ಚಿಯಲ್ಲಿಲ್ಲದ ಹೊತ್ತಿನಲ್ಲೇ ಗಡುವು ಮೀರುತ್ತವೆ. ಯಾರ ಕೆಲಸ ತಡವಾಯಿತು ಎಂಬುದೇ ತಿಳಿಯುವುದಿಲ್ಲ. ತೊಂದರೆ ಇರುವುದು ಅಳೆಯುವ ರೀತಿಯಲ್ಲಿ, ಮತ್ತು ಅಳೆದದ್ದನ್ನು ಗ್ರಾಹಕನಿಗೆ ಹೇಳುವ ರೀತಿಯಲ್ಲಿ.

ಮೊದಲು ಅಳತೆ. ಟಿಕೆಟ್ ಬಂದ ಹೊತ್ತು, ಮುಗಿದ ಹೊತ್ತು ಎರಡೂ ಗೊತ್ತಿವೆ. ಅವುಗಳ ನಡುವೆ ಬರುವ ಒಂದೊಂದು ದಿನವನ್ನೂ ಬೇರೆಬೇರೆಯಾಗಿ ತೆಗೆದುಕೊಂಡು, ಆ ದಿನದ ಕೆಲಸದ ವೇಳೆಗೂ ಟಿಕೆಟ್ಟಿನ ಕಾಲಕ್ಕೂ ಎಷ್ಟು ಭಾಗ ಸಮಾನವಾಗಿದೆ ಎಂದು ನೋಡಬೇಕು. ಲೆಕ್ಕದ ತಿರುಳು ಒಂದೇ ಸಾಲು:

```
overlap = max(0, min(end, close) - max(start, open))
```

ಟಿಕೆಟ್ ಶುರುವಾದದ್ದು, ಆಫೀಸ್ ತೆರೆದದ್ದು, ಇವೆರಡರಲ್ಲಿ ತಡವಾದದ್ದು ಆರಂಭ. ಟಿಕೆಟ್ ಮುಗಿದದ್ದು, ಆಫೀಸ್ ಮುಚ್ಚಿದ್ದು, ಇವೆರಡರಲ್ಲಿ ಮೊದಲಿನದು ಅಂತ್ಯ. ಅಂತ್ಯದಿಂದ ಆರಂಭವನ್ನು ಕಳೆದರೆ ಆ ದಿನದ ಪಾಲು ಸಿಗುತ್ತದೆ. ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆ ಎಂದೇ ಹಿಡಿಯಬೇಕು. ಶನಿವಾರ, ಭಾನುವಾರ, ರಜೆಯ ದಿನಗಳಿಗೆ ಕೆಲಸದ ವೇಳೆಯೇ ಇಲ್ಲವಾದ್ದರಿಂದ ಅವುಗಳ ಪಾಲು ಸೊನ್ನೆ. ಎಲ್ಲ ದಿನಗಳ ಪಾಲು ಕೂಡಿಸಿದರೆ ಲೆಕ್ಕ ಮುಗಿಯಿತು.

ಇಷ್ಟು ಸರಳವಾದದ್ದು ಕೆಡುವುದು ಗಡಿಯಾರವನ್ನು ಇನ್ನೊಂದು ಕಾರಣಕ್ಕೂ ನಿಲ್ಲಿಸಿದಾಗ. ಸಪೋರ್ಟಿನವರು ಗ್ರಾಹಕನಿಂದ ಏನಾದರೂ ಮಾಹಿತಿ ಕೇಳಿದರೆ ಟಿಕೆಟ್ಟನ್ನು ‘ಪೆಂಡಿಂಗ್’ ಮಾಡುತ್ತಾರೆ. ಅವರ ಉತ್ತರ ಬರುವವರೆಗೆ ಗಡಿಯಾರ ನಿಲ್ಲುತ್ತದೆ. ಹುಬ್ಬಳ್ಳಿಯ ಟಿಕೆಟ್ಟಿನಲ್ಲೂ ಹಾಗೇ ಆಗಲಿ. ಶುಕ್ರವಾರ 5:45ಕ್ಕೆ ಸಪೋರ್ಟಿನ ಹುಡುಗಿ ‘ಸರ್, ಆ ಬಿಲ್ಲಿನ ಫೈಲ್ ಕಳಿಸಿ’ ಎಂದು ಬರೆದು ಪೆಂಡಿಂಗ್ ಮಾಡುತ್ತಾಳೆ. ಅಂಗಡಿಯವರು ಅದನ್ನು ನೋಡಿ ಶನಿವಾರ ಬೆಳಿಗ್ಗೆ 9ಕ್ಕೆ ಕಳಿಸುತ್ತಾರೆ. ಸೋಮವಾರ ಮಧ್ಯಾಹ್ನ 3:50ಕ್ಕೆ ದೋಷ ಸರಿಹೋಗುತ್ತದೆ. ಕಂಪನಿ ಮಾತು ಉಳಿಸಿಕೊಂಡಿತೇ?

ಅವಸರದಲ್ಲಿ ಬರೆದ ಪ್ರೋಗ್ರಾಂ ಹೀಗೆ ಲೆಕ್ಕ ಹಾಕುತ್ತದೆ: ಶುಕ್ರವಾರ 5:20ರಿಂದ ಸೋಮವಾರ 3:50ರವರೆಗೆ ಒಟ್ಟು 70 ಗಂಟೆ 30 ನಿಮಿಷ. ಅದರಲ್ಲಿ ಆಫೀಸ್ ಮುಚ್ಚಿದ್ದು ಶುಕ್ರವಾರ 6ರಿಂದ ಸೋಮವಾರ 10ರವರೆಗೆ, 64 ಗಂಟೆ. ಕಳೆದರೆ 6 ಗಂಟೆ 30 ನಿಮಿಷ. ಪೆಂಡಿಂಗ್ ಇದ್ದದ್ದು 15 ಗಂಟೆ 15 ನಿಮಿಷ, ಅದನ್ನೂ ಕಳೆಯಬೇಕು. ಉತ್ತರ ಮೈನಸ್ 8 ಗಂಟೆ 45 ನಿಮಿಷ. ದೂರು ಬರುವುದಕ್ಕೂ ಮೊದಲೇ ಪರಿಹಾರವಾಯಿತು ಎಂದಂತೆ!

ತಪ್ಪು ಎಲ್ಲಿದೆ ಎಂದರೆ, ಶುಕ್ರವಾರ ರಾತ್ರಿಯನ್ನು ಎರಡು ಸಲ ಕಳೆಯಲಾಗಿದೆ. ಒಮ್ಮೆ ಆಫೀಸ್ ಮುಚ್ಚಿದೆ ಎಂಬ ಲೆಕ್ಕದಲ್ಲಿ, ಇನ್ನೊಮ್ಮೆ ಪೆಂಡಿಂಗ್ ಲೆಕ್ಕದಲ್ಲಿ. ಆಗಲೇ ನಿಂತಿರುವ ಗಡಿಯಾರವನ್ನು ಮತ್ತೆ ನಿಲ್ಲಿಸಲಾಗದು. ಪೆಂಡಿಂಗ್ ಕಾಲದಲ್ಲಿ ಕೆಲಸದ ವೇಳೆಯೊಳಗೆ ಬಿದ್ದ ಭಾಗ ಮಾತ್ರ ಕಳೆಯತಕ್ಕದ್ದು. ಇಲ್ಲಿ ಅದು ಶುಕ್ರವಾರ 5:45ರಿಂದ 6ರವರೆಗಿನ 15 ನಿಮಿಷ, ಅಷ್ಟೇ. ಹಾಗಾಗಿ ಸರಿಯಾದ ಉತ್ತರ 6 ಗಂಟೆ 15 ನಿಮಿಷ. ಗಡುವು 3:20ರಿಂದ 3:35ಕ್ಕೆ ಸರಿದಿತ್ತು, ಕೆಲಸ ಮುಗಿದದ್ದು 3:50ಕ್ಕೆ. ಕಂಪನಿ 15 ನಿಮಿಷ ತಡ.

ಮೈನಸ್ ಬಂದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ನಾಲ್ಕು ದಿನ ಎಳೆದ ಟಿಕೆಟ್ಟಿನಲ್ಲಿ ಇದೇ ತಪ್ಪು ಕಾಣುವುದಿಲ್ಲ, ಅದು ಹೆಚ್ಚು ಅಪಾಯ. 20 ಗಂಟೆ ಹಿಡಿದ ಕೆಲಸ 5 ಗಂಟೆಯೊಳಗೆ ಮುಗಿದಂತೆ ವರದಿಯಲ್ಲಿ ಅಚ್ಚಾಗುತ್ತದೆ, ಎಲ್ಲರೂ ಅದನ್ನು ನಂಬುತ್ತಾರೆ. ಆಫೀಸ್ ಮುಚ್ಚುವ ಹೊತ್ತಿಗೆ ಒಂದು ಪ್ರಶ್ನೆ ಕೇಳಿ ಪೆಂಡಿಂಗ್ ಮಾಡಿಟ್ಟ ಟಿಕೆಟ್ಟುಗಳಿಗೆಲ್ಲ ಇಡೀ ರಾತ್ರಿಯ ರಿಯಾಯಿತಿ ಸಿಗುತ್ತದೆ. ಹೀಗಾಗದಂತೆ ತಡೆಯಲು ಪ್ರೋಗ್ರಾಂ ಬರೆಯುವವರು ಒಂದು ಟಿಕೆಟ್ಟಿನ ಲೆಕ್ಕವನ್ನು ಕಾಗದದ ಮೇಲೆ ದಿನವಾರು ಬಿಡಿಸಿ ನೋಡಬೇಕು. ಯಾವ ದಿನದ ಪಾಲೂ 8 ಗಂಟೆಗಿಂತ ಹೆಚ್ಚಿರಬಾರದು, ಸೊನ್ನೆಗಿಂತ ಕಡಿಮೆಯೂ ಇರಬಾರದು. ಪೆಂಡಿಂಗ್ ಪೂರ್ತಿ ರಾತ್ರಿಯಲ್ಲೇ ಬಿದ್ದಿದ್ದರೆ ಗಡುವು ಒಂದು ನಿಮಿಷವೂ ಸರಿಯಬಾರದು.

ಇನ್ನೊಂದು ಸೂಕ್ಷ್ಮವಿದೆ, ಇದನ್ನು ಗಮನಿಸಿದವರು ಕಡಿಮೆ. ಶುಕ್ರವಾರ ಮಧ್ಯಾಹ್ನ ಸರಿಯಾಗಿ 12ಕ್ಕೆ ಬಂದ ಟಿಕೆಟ್ಟಿಗೆ 6 ಗಂಟೆ ತುಂಬುವುದು ಶುಕ್ರವಾರ ಸಂಜೆ 6ಕ್ಕೆ. ಆದರೆ ಸೋಮವಾರ ಬೆಳಿಗ್ಗೆ 10ಕ್ಕೂ ಗಡಿಯಾರ ಅದೇ 6 ಗಂಟೆ ತೋರಿಸುತ್ತಿರುತ್ತದೆ, ನಡುವೆ ಅದು ಓಡಿಯೇ ಇಲ್ಲವಲ್ಲ. ಗಡುವು ಯಾವುದು? ಗಣಿತಕ್ಕೆ ಎರಡೂ ಒಂದೇ, ಕಾಯುವವನಿಗೆ 64 ಗಂಟೆಯ ವ್ಯತ್ಯಾಸ. ಗಡುವನ್ನು ಮುಂದೆ ಹುಡುಕುತ್ತ ಹೋಗುವ ಪ್ರೋಗ್ರಾಂನಲ್ಲಿ ‘ಕಡಿಮೆ’, ‘ಕಡಿಮೆ ಅಥವಾ ಸಮ’ ಎಂಬ ಒಂದು ಚಿಹ್ನೆಯ ಮೇಲೆ ಇದು ತೀರ್ಮಾನವಾಗಿಬಿಡುತ್ತದೆ. ಮೊದಲು ಬರುವ ಹೊತ್ತನ್ನೇ, ಅಂದರೆ ಶುಕ್ರವಾರ 6 ಗಂಟೆಯನ್ನೇ ಗಡುವು ಎಂದು ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ. ಕೊಟ್ಟ ಮಾತು ಆ ಹೊತ್ತಿಗೆ ತೀರಿರುತ್ತದೆ.

ಬೆಂಗಳೂರಿನ ಸಪೋರ್ಟ್ ಕೇಂದ್ರಗಳಲ್ಲಿ ಅನೇಕವು ಅಮೆರಿಕದ ಗ್ರಾಹಕರಿಗಾಗಿ ದುಡಿಯುತ್ತವೆ. ಅಲ್ಲಿ ಗಡಿಯಾರ ಯಾವ ಊರಿನದು ಎಂಬ ಪ್ರಶ್ನೆಯೂ ಸೇರುತ್ತದೆ. ನ್ಯೂಯಾರ್ಕಿನ ಬೆಳಿಗ್ಗೆ 10ರಿಂದ ಸಂಜೆ 6ರ ವೇಳೆ ಎಂದರೆ ಚಳಿಗಾಲದಲ್ಲಿ ನಮ್ಮ ರಾತ್ರಿ 8:30ರಿಂದ ನಸುಕಿನ 4:30, ಬೇಸಿಗೆಯಲ್ಲಿ ರಾತ್ರಿ 7:30ರಿಂದ 3:30. ಅಮೆರಿಕದ ಬಹುಪಾಲು ಊರುಗಳು ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತವೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಕೆಲಸದ ವೇಳೆಯನ್ನು ಭಾರತೀಯ ಕಾಲಮಾನದಲ್ಲಿ ‘8:30ರಿಂದ 4:30’ ಎಂದು ಬರೆದಿಟ್ಟರೆ ಚಳಿಗಾಲವೆಲ್ಲ ಲೆಕ್ಕ ಸರಿಯಾಗಿರುತ್ತದೆ. ಮಾರ್ಚ್ ಎರಡನೇ ಭಾನುವಾರದ ನಂತರ ದಿನದ ಮೊದಲ ಒಂದು ಗಂಟೆ ಲೆಕ್ಕಕ್ಕೇ ಸಿಗುವುದಿಲ್ಲ; ಆ ಗಂಟೆಯಲ್ಲಿ ಬಂದ ಟಿಕೆಟ್ಟುಗಳು ಆಫೀಸ್ ಮುಚ್ಚಿದ್ದಾಗ ಬಂದವುಗಳಂತೆ ಕಾಣುತ್ತವೆ. ಮೇಲಾಗಿ ಆ ಪಾಳಿ ನಡುರಾತ್ರಿ ದಾಟುವುದರಿಂದ ಮುಚ್ಚುವ ಹೊತ್ತು ತೆರೆಯುವ ಹೊತ್ತಿಗಿಂತ ಚಿಕ್ಕದು. ಮೇಲಿನ ಸೂತ್ರ ಅದನ್ನು ಒಂದೇ ದಿನವೆಂದು ಹಿಡಿದರೆ ಪಾಲು ಸೊನ್ನೆಯಾಗುತ್ತದೆ. ಟಿಕೆಟ್ಟಿನ ಹೊತ್ತನ್ನು ಯುಟಿಸಿ ಕಾಲಮಾನದಲ್ಲಿಟ್ಟು, ಕೆಲಸದ ವೇಳೆಯನ್ನು `America/New_York` ಎಂದು ಊರಿನ ಹೆಸರಿನೊಂದಿಗೆ ಇಡುವುದೇ ಪರಿಹಾರ. ಗಡಿಯಾರ ಯಾವಾಗ ತಿರುಗುತ್ತದೆಂಬ ಪಟ್ಟಿ ಕಂಪ್ಯೂಟರಿನಲ್ಲಿ ಆ ಹೆಸರಿಗೇ ಜೋಡಣೆಯಾಗಿರುತ್ತದೆ. ರಜೆಗಳ ಪಟ್ಟಿಯೂ ವಾಗ್ದಾನದಲ್ಲಿ ಹೆಸರಿಸಿದ ಊರಿನದೇ ಆಗಿರಬೇಕು. ನ್ಯೂಯಾರ್ಕ್ ವೇಳೆಯ ಮಾತು ಕೊಟ್ಟ ಮೇಲೆ ನವೆಂಬರ್ 1ರ ರಾಜ್ಯೋತ್ಸವಕ್ಕೆ ಅಲ್ಲಿನ ಗಡಿಯಾರ ನಿಲ್ಲುವಂತಿಲ್ಲ.

ಲೆಕ್ಕವೆಲ್ಲ ಸರಿಯಾದ ಮೇಲೂ ವರದಿಯ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಶನಿವಾರ ಮಧ್ಯಾಹ್ನ ಬಂದ ಟಿಕೆಟ್ಟಿಗೆ ಯಾರೋ ಪುಣ್ಯಾತ್ಮರು ಶನಿವಾರವೇ ಮೂರು ಗಂಟೆ ಬಿಟ್ಟು ಉತ್ತರಿಸಿದರೆ ಹಿಡಿದ ಕಾಲ ಸೊನ್ನೆ. ನಿಯಮದಂತೆ ಅದು ಸರಿ. ಆದರೆ ಇಂಥ ಸೊನ್ನೆಗಳು ಹೆಚ್ಚಾದಷ್ಟೂ ತಂಡದ ಸರಾಸರಿ ಚೆಲುವಾಗುತ್ತ ಹೋಗುತ್ತದೆ, ವಾರದ ದಿನಗಳ ವಿಳಂಬ ಅದರಡಿ ಮುಚ್ಚಿಹೋಗುತ್ತದೆ. ಹುಬ್ಬಳ್ಳಿಯ ಟಿಕೆಟ್ಟು ವರದಿಯಲ್ಲಿ 6 ಗಂಟೆ 15 ನಿಮಿಷ. ಅಂಗಡಿಯವರು ಕಾದದ್ದು 70 ಗಂಟೆ 30 ನಿಮಿಷ. ಮೊದಲನೆಯದು ಸಿಬ್ಬಂದಿಯ ಕೆಲಸವನ್ನು ಅಳೆಯುತ್ತದೆ, ಎರಡನೆಯದು ಗ್ರಾಹಕನ ಪಾಡನ್ನು. ಎರಡೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಇರಬೇಕು. ಎರಡನೆಯದು ವಾರಾಂತ್ಯದ ಟಿಕೆಟ್ಟುಗಳಲ್ಲಿ ಬೆಳೆಯುತ್ತಲೇ ಇದ್ದರೆ ಹುಡುಗರನ್ನು ಗದರಿಸಿ ಪ್ರಯೋಜನವಿಲ್ಲ. ಅವರು ಆ ಹೊತ್ತಿನಲ್ಲಿ ಆಫೀಸಿನಲ್ಲೇ ಇರುವುದಿಲ್ಲ. ಶನಿವಾರ ಅರ್ಧ ದಿನದ ಪಾಳಿ ಹಾಕಬೇಕೇ ಎಂದು ಮಾಲೀಕರು ಯೋಚಿಸಬೇಕಾಗುತ್ತದೆ.

ಕಂಪನಿಗಳಲ್ಲಿ ನನ್ನ ಕೋರಿಕೆ ಇಷ್ಟು. ಗಡುವಿನ ದಿನ, ಹೊತ್ತು ಎರಡೂ ಟಿಕೆಟ್ ದಾಖಲಾದ ಕ್ಷಣವೇ ನಿಮ್ಮ ಕಂಪ್ಯೂಟರಿಗೆ ಗೊತ್ತಿರುತ್ತವೆ. ‘6 ಗಂಟೆಯೊಳಗೆ’ ಎನ್ನುವ ಬದಲು ‘ಸೋಮವಾರ, 20ನೇ ತಾರೀಖು, ಮಧ್ಯಾಹ್ನ 3:20ರೊಳಗೆ’ ಎಂದೇ ಬರೆಯಿರಿ; ಪೆಂಡಿಂಗಿನಿಂದ ಗಡುವು ಸರಿದರೆ ಹೊಸ ಹೊತ್ತನ್ನೂ ತಿಳಿಸಿ. ಅಂಗಡಿಯವರಿಗೆ ಶುಕ್ರವಾರ ಸಂಜೆಯೇ ಅದು ತಿಳಿದಿದ್ದರೆ ಶನಿವಾರ ತಮ್ಮ ಲೆಕ್ಕಿಗರನ್ನು ಹಿಡಿದು ರಿಟರ್ನ್‌ಗೆ ಬೇರೆ ದಾರಿ ಹುಡುಕಬಹುದಿತ್ತು. ಗ್ರಾಹಕರಾದ ನೀವೂ ಗಂಟೆಗಳ ಲೆಕ್ಕದ ಉತ್ತರ ಬಂದಾಗ ಸುಮ್ಮನಿರಬೇಡಿ. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಅದೇ ಟಿಕೆಟ್ಟಿನಲ್ಲಿ ಮರಳಿ ಬರೆದು ಕೇಳಿ.