ಬರೆಯುವವರು ಮೂವರು, ಕೇಳಬೇಕಾದದ್ದು ಒಂದೇ ದನಿ

ಇನ್‌ಸ್ಟಾಗ್ರಾಂನಲ್ಲಿ ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ ಒಂದಾದ ಮೇಲೊಂದು ಓದುವ ಚಿತ್ರಗಳ ಸಾಲಿಗೆ ಕ್ಯಾರೊಸೆಲ್ ಎನ್ನುತ್ತಾರೆ. 2017ರಲ್ಲಿ ಈ ಸೌಲಭ್ಯ ಬಂದಾಗ ಒಂದು ಪೋಸ್ಟ್‌ನಲ್ಲಿ 10 ಚಿತ್ರಗಳಿಗೆ ಜಾಗವಿತ್ತು, 2024ರಲ್ಲಿ ಅದು 20ಕ್ಕೆ ಏರಿತು. ಸೀರೆ ಮಾರುವವರು, ಪುಸ್ತಕ ಪ್ರಕಟಿಸುವವರು, ಉಪ್ಪಿನಕಾಯಿ ಹಾಕುವವರು ಎಲ್ಲರೂ ಈಗ ಹೀಗೆ ಸಣ್ಣ ಸಣ್ಣ ಪುಟಗಳಲ್ಲಿ ತಮ್ಮ ಮಾತು ಹೇಳುತ್ತಾರೆ. ಕೆಲಸ ಹೆಚ್ಚಿದಂತೆ ಬರೆಯುವ ಕೈಗಳೂ ಹೆಚ್ಚುತ್ತವೆ. ಸ್ಲೈಡ್ ಬರೆಯುವವರೊಬ್ಬರು, ಕೆಳಗಿನ ಕ್ಯಾಪ್ಷನ್ ಬರೆಯುವವರು ಇನ್ನೊಬ್ಬರು, ಗ್ರಾಹಕರ ಪ್ರಶ್ನೆಗೆ ಉತ್ತರಿಸುವವರು ಮತ್ತೊಬ್ಬರು. ಓದುಗರಿಗೆ ಇದೆಲ್ಲ ಗೊತ್ತಿರುವುದಿಲ್ಲ. ಸೋಮವಾರ ಗೆಳತಿಯಂತೆ ಮಾತಾಡಿದ ಅಂಗಡಿ ಗುರುವಾರ ಸರ್ಕಾರಿ ಸುತ್ತೋಲೆಯಂತೆ ಮಾತಾಡಿದರೆ, ಇಲ್ಲಿ ಯಾರೂ ಇಲ್ಲ, ಬರೀ ಜಾಹೀರಾತು ಇದೆ ಎಂದು ಅವರು ಮುಂದೆ ಸಾಗುತ್ತಾರೆ.

ಇದನ್ನು ತಪ್ಪಿಸಲು ಸಂಸ್ಥೆಗಳು ‘ಬ್ರ್ಯಾಂಡ್ ವಾಯ್ಸ್ ಗೈಡ್’ ಎಂಬುದನ್ನು ಬರೆದಿಟ್ಟುಕೊಳ್ಳುತ್ತವೆ. ದನಿ ಕೈಪಿಡಿ ಎನ್ನೋಣ. ಹಲವರ ಬರಹ ಒಬ್ಬರದೇ ಎನಿಸುವಂತೆ ಮಾಡುವ ಅಭ್ಯಾಸ ಹೊಸದೇನಲ್ಲ. ಲಂಡನ್ನಿನ ‘ದಿ ಎಕನಾಮಿಸ್ಟ್’ ವಾರಪತ್ರಿಕೆ 1843ರಲ್ಲಿ ಶುರುವಾದದ್ದು. ಅದರ ಹೆಚ್ಚಿನ ಲೇಖನಗಳಲ್ಲಿ ಇಂದಿಗೂ ಲೇಖಕರ ಹೆಸರಿರುವುದಿಲ್ಲ, ಆದರೂ ಪತ್ರಿಕೆಯ ದನಿ ಓದುಗರಿಗೆ ಪರಿಚಿತ. ಅದರ ಹಿಂದೆ ಪುಸ್ತಕವಾಗಿಯೂ ಪ್ರಕಟವಾಗಿರುವ ಅವರ ಶೈಲಿ ಕೈಪಿಡಿ ಇದೆ.

ನಮ್ಮಲ್ಲಿ ಸಿಗುವ ಬಹುತೇಕ ಕೈಪಿಡಿಗಳು ಮೊದಲ ಪುಟದಲ್ಲೇ ಎಡವುತ್ತವೆ. ‘ನಮ್ಮ ದನಿ ಸ್ನೇಹಮಯ, ಸರಳ, ನಂಬಿಕೆಗೆ ಅರ್ಹ’ ಎಂದು ಬರೆದಿರುತ್ತಾರೆ. ಹುಬ್ಬಳ್ಳಿಯಲ್ಲಿ ಬೆಳೆದವರ ಸ್ನೇಹದ ಮಾತು ಬೇರೆ, ಬೆಂಗಳೂರಿನ ಕಾಲೇಜಿನಿಂದ ಹೊರಬಂದವರ ಸ್ನೇಹದ ಮಾತು ಬೇರೆ. ಮೂರೂ ವಿಶೇಷಣಗಳನ್ನು ಶ್ರದ್ಧೆಯಿಂದ ಪಾಲಿಸಿ ಮೂವರು ಮೂರು ದನಿಯಲ್ಲಿ ಬರೆಯಬಹುದು. ಕೈಪಿಡಿಯಲ್ಲಿ ಇರಬೇಕಾದದ್ದು ತೀರ್ಮಾನಗಳು: ಹೀಗೂ ಬರೆಯಬಹುದಿತ್ತು, ಹಾಗೂ ಬರೆಯಬಹುದಿತ್ತು, ನಾವು ಇದನ್ನು ಆರಿಸಿದ್ದೇವೆ, ಕಾರಣ ಇದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳು ಮರದ ಗಾಣದಲ್ಲಿ ಶೇಂಗಾ, ಕುಸುಬೆ, ಎಳ್ಳಿನ ಎಣ್ಣೆ ತೆಗೆದು ರಾಜ್ಯದ ಎಲ್ಲ ಕಡೆಗೆ ಕಳಿಸುತ್ತಾರೆ ಎಂದುಕೊಳ್ಳಿ. ಗ್ರಾಹಕರು ಅವರನ್ನು ಅಕ್ಕ ಎನ್ನುತ್ತಾರೆ. ಕ್ಯಾರೊಸೆಲ್ ಬರೆಯಲು ಮೂವರಿದ್ದಾರೆ: ಧಾರವಾಡದವರೊಬ್ಬರು, ಮೈಸೂರಿನ ಪತ್ರಿಕೆಯಲ್ಲಿ ದುಡಿದವರೊಬ್ಬರು, ಬೆಂಗಳೂರಿನ ಯುವಕನೊಬ್ಬ. ಕೈಪಿಡಿಯ ಕೆಲಸ ಶುರುವಾಗಬೇಕಾದದ್ದು ಈ ಮೂವರಿಗೂ ಒಂದೇ ಮಾಹಿತಿ ಕೊಟ್ಟು, ಒಬ್ಬರದನ್ನೊಬ್ಬರು ನೋಡದಂತೆ ಒಂದೇ ಸ್ಲೈಡ್ ಬರೆಸುವುದರಿಂದ. ವಿಷಯ: ಎಣ್ಣೆ ಬಾಟಲಿಯ ತಳದಲ್ಲಿ ಕಾಣುವ ಗಸಿ.

ಧಾರವಾಡದವರು ಬರೆದರು: ‘ಎಣ್ಣಿ ತಳದಾಗ ಗಸಿ ಕಂಡ್ರ ಹೆದರಬ್ಯಾಡ್ರಿ, ಅದು ಶೇಂಗಾದ್ದ ಐತಿ.’

ಮೈಸೂರಿನವರದು: ‘ಪರಿಶುದ್ಧ ಗಾಣದ ಎಣ್ಣೆಯ ತಳಭಾಗದಲ್ಲಿ ಕಂಡುಬರುವ ಕಣಗಳು ಸಂಪೂರ್ಣ ನೈಸರ್ಗಿಕವಾಗಿದ್ದು, ಗ್ರಾಹಕರು ಆತಂಕಪಡುವ ಅಗತ್ಯವಿರುವುದಿಲ್ಲ.’

ಬೆಂಗಳೂರಿನ ಯುವಕನದು: ‘ಬಾಟಲ್ ಬಾಟಮ್‌ನಲ್ಲಿ ಏನೋ ಕಾಣ್ತಿದ್ಯಾ? ಟೆನ್ಷನ್ ಬೇಡ ಗೈಸ್, ಫುಲ್ ನ್ಯಾಚುರಲ್!!’

ಮೂರರಲ್ಲಿ ಯಾವುದೂ ತಪ್ಪಲ್ಲ. ಆದರೆ ಇವುಗಳ ನಡುವಿನ ಒಂದೊಂದು ವ್ಯತ್ಯಾಸವೂ ಇನ್ನೂ ತೆಗೆದುಕೊಳ್ಳದ ಒಂದೊಂದು ತೀರ್ಮಾನವನ್ನು ತೋರಿಸುತ್ತದೆ. ಓದುಗರನ್ನು ಹೇಗೆ ಕರೆಯುತ್ತೇವೆ: ‘ನೀವು’ ಎಂದೋ, ‘ಗ್ರಾಹಕರು’ ಎಂದೋ, ‘ಗೈಸ್’ ಎಂದೋ? ಕ್ರಿಯಾಪದ ಬರವಣಿಗೆಯ ರೂಪದಲ್ಲಿರಬೇಕೋ ಆಡುಮಾತಿನಲ್ಲೋ? ಇಂಗ್ಲಿಷ್ ಪದ ಎಷ್ಟು? ಹೊಗಳಿಕೆ ಎಷ್ಟು? ಕನ್ನಡದಲ್ಲಿ ಈ ಪ್ರಶ್ನೆಗಳು ಇಂಗ್ಲಿಷ್‌ಗಿಂತ ಬಿಗಿಯಾಗಿ ಕಾಡುತ್ತವೆ, ಏಕೆಂದರೆ ನಾವು ಬರೆಯುವ ಕನ್ನಡಕ್ಕೂ ಆಡುವ ಕನ್ನಡಕ್ಕೂ ಅಂತರ ದೊಡ್ಡದು, ಆಡುವ ಕನ್ನಡವೂ ಊರಿಂದೂರಿಗೆ ಬದಲಾಗುತ್ತದೆ.

ಉತ್ತರ ಹುಡುಕಬೇಕಾದ ಜಾಗ ಅಕ್ಕನ ಮಾತು. ಅವರು ಗ್ರಾಹಕರೊಂದಿಗೆ ಫೋನಿನಲ್ಲಿ ಮಾತಾಡುವುದನ್ನು ಇಬ್ಬರ ಒಪ್ಪಿಗೆ ಪಡೆದು ಅರ್ಧ ಗಂಟೆ ದಾಖಲಿಸಿಕೊಂಡು, ಇದ್ದಂತೆಯೇ ಬರೆದಿಳಿಸಬೇಕು. ಜೊತೆಗೆ ‘ಇದು ನಮ್ಮದೇ’ ಎಂದು ಎಲ್ಲರೂ ಒಪ್ಪುವ ಎಂಟು ಹತ್ತು ಹಳೆಯ ಪೋಸ್ಟ್‌ಗಳನ್ನು ಇಟ್ಟುಕೊಳ್ಳಬೇಕು. ಬರೆದಿಳಿಸಿದ್ದನ್ನು ಓದಿದಾಗ ಅವರ ಮಾತಿನ ಗುಣ ತಾನಾಗಿ ಕಾಣುತ್ತದೆ. ನಮ್ಮ ಅಕ್ಕ ಮೊದಲು ಉತ್ತರ ಹೇಳಿ, ಆಮೇಲೆ ಕಾರಣ ಹೇಳುವವರು ಎಂದಿಟ್ಟುಕೊಳ್ಳಿ. ತಮ್ಮ ಎಣ್ಣೆಯನ್ನು ಅವರು ಹೊಗಳುವುದಿಲ್ಲ, ಹೇಗೆ ತೆಗೆದೆವು ಎಂದು ಹೇಳುತ್ತಾರೆ. ಈ ಎರಡು ಗುಣಗಳೇ ಕೈಪಿಡಿಯ ಬೆನ್ನೆಲುಬು. ‘ಮೊದಲ ವಾಕ್ಯದಲ್ಲಿ ಉತ್ತರ, ಎರಡನೆಯದರಲ್ಲಿ ಕಾರಣ’ ಎಂಬುದು ಯಾರು ಬೇಕಾದರೂ ಪಾಲಿಸಬಹುದಾದ ಸೂಚನೆ. ‘ಪರಿಶುದ್ಧ’ ಎಂದು ಬರೆಯಬೇಕೆನಿಸಿದ ಕಡೆಯಲ್ಲೆಲ್ಲ ಮಾಡಿದ ಕೆಲಸವನ್ನು ಬರೆಯಬೇಕು ಎಂಬುದೂ ಹಾಗೆಯೇ.

ಇಷ್ಟು ತೀರ್ಮಾನವಾದ ಮೇಲೆ ಆ ಸ್ಲೈಡ್ ಹೀಗಾಗುತ್ತದೆ: ‘ಬಾಟಲಿಯ ತಳದಲ್ಲಿ ಗಸಿ ಕಂಡಿತೇ? ಅದು ಶೇಂಗಾದ್ದೇ. ಎಣ್ಣೆಯನ್ನು ನಾವು ಬಟ್ಟೆಯಲ್ಲಷ್ಟೇ ಸೋಸುತ್ತೇವೆ. ನುಣ್ಣನೆಯ ಪುಡಿ ಬಟ್ಟೆ ದಾಟಿ ಬಂದು ತಳ ಸೇರುತ್ತದೆ.’ ಧಾರವಾಡದ ‘ಗಸಿ’ ಉಳಿಯಿತು, ಮೈಸೂರಿನ ವ್ಯಾಕರಣ ಉಳಿಯಿತು, ಬೆಂಗಳೂರಿನ ಪ್ರಶ್ನೆಯೂ ಉಳಿಯಿತು. ಈ ನಾಲ್ಕೂ ರೂಪಗಳನ್ನು ಕೈಪಿಡಿಯಲ್ಲಿ ಒಂದರ ಕೆಳಗೊಂದು ಬರೆದು, ಮೊದಲ ಮೂರನ್ನು ಏಕೆ ಬಿಟ್ಟೆವು ಎಂದು ಒಂದೊಂದು ಸಾಲು ಸೇರಿಸಬೇಕು. ಹೊಸದಾಗಿ ಸೇರಿದವರು ನಿಯಮಕ್ಕಿಂತ ಬೇಗ ಇದರಿಂದ ಕಲಿಯುತ್ತಾರೆ.

ಕ್ರಿಯಾಪದದ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕನ್ನಡ ಕ್ಯಾರೊಸೆಲ್‌ಗಳಲ್ಲಿ ಹೊಲಿಗೆ ಬಿಟ್ಟುಕೊಂಡಿರುವುದು ಮೊದಲು ಕಾಣುವುದು ಅಲ್ಲೇ. ಮೊದಲ ಸ್ಲೈಡ್‌ನಲ್ಲಿ ‘ಮಾಡ್ತೀವಿ’, ನಾಲ್ಕನೆಯದರಲ್ಲಿ ‘ಮಾಡುತ್ತೇವೆ’, ಕೊನೆಯದರಲ್ಲಿ ‘ಆರ್ಡರ್ ಮಾಡಿರಿ’. ಮೂರೂ ಸರಿಯಾದ ಕನ್ನಡವೇ, ಆದರೆ ಮೂರು ಬಾಯಿಯ ಕನ್ನಡ. ಈ ಗಾಣದ ತಂಡಕ್ಕೆ ನನ್ನ ಸಲಹೆ: ಸ್ಲೈಡ್‌ನಲ್ಲಿ ಕ್ರಿಯಾಪದ ಪೂರ್ಣ ರೂಪದಲ್ಲಿರಲಿ, ವಾಕ್ಯ ಮಾತ್ರ ಆಡುವಷ್ಟು ಚಿಕ್ಕದಿರಲಿ. ‘ಸೋಸುತ್ತೇವೆ’ ಎಂದು ಬರೆದರೂ ವಾಕ್ಯ ಮೂರು ನಾಲ್ಕು ಪದಗಳದ್ದಾದರೆ ಅದು ಗ್ರಾಂಥಿಕ ಎನಿಸುವುದಿಲ್ಲ. ಅಕ್ಕನ ಮಾತನ್ನು ಉದ್ಧರಣೆಯಾಗಿ ಕೊಡುವಾಗ ಮಾತ್ರ ‘ಹೆದರಬ್ಯಾಡ್ರಿ’ ಹಾಗೆಯೇ ಬರಲಿ. ಆಗ ಅವರ ಮಾತಿಗೂ ಬೆಲೆ ಸಿಗುತ್ತದೆ. ಎಲ್ಲರೂ ಅದನ್ನು ಅನುಕರಿಸತೊಡಗಿದರೆ ಬೆಂಗಳೂರಿನ ಯುವಕ ಬರೆದ ಧಾರವಾಡ ಕನ್ನಡ ಧಾರವಾಡದವರ ಕಿವಿಗೆ ಕೂಡಲೇ ತಿಳಿದುಬಿಡುತ್ತದೆ.

ಪದಪಟ್ಟಿಯೂ ಬೇಕು, ಆದರೆ ಚಿಕ್ಕದಾಗಿ. ಉತ್ತರದಲ್ಲಿ ಶೇಂಗಾ, ಬೆಂಗಳೂರು ಮೈಸೂರಿನ ಕಡೆ ಕಡಲೆಕಾಯಿ, ಇನ್ನು ಕೆಲವೆಡೆ ನೆಲಗಡಲೆ. ಸ್ಲೈಡ್‌ಗಳಲ್ಲೆಲ್ಲ ‘ಶೇಂಗಾ’ ಎಂದೇ ಬರೆಯಬೇಕು, ಹುಡುಕುವವರಿಗೆ ಸಿಗಲೆಂದು ಕ್ಯಾಪ್ಷನ್‌ನಲ್ಲಿ ಒಮ್ಮೆ ‘ಕಡಲೆಕಾಯಿ’ ಬರಬೇಕು ಎಂದು ಗೊತ್ತುಮಾಡಿದರೆ ಆ ಚರ್ಚೆ ಮತ್ತೆ ಏಳುವುದಿಲ್ಲ. ಬಾಟಲಿ, ಆರ್ಡರ್, ಕೊರಿಯರ್ ಎಲ್ಲರ ಬಾಯಲ್ಲಿರುವ ಪದಗಳು, ಅವು ಇರಲಿ. ಬರೆಯಲೇಬಾರದ ಪಟ್ಟಿಯಲ್ಲಿ ಆರೋಗ್ಯದ ಮಾತುಗಳು ಮೇಲೆ ಬರಬೇಕು. ‘ಹೃದಯದ ಕಾಯಿಲೆ ಗುಣವಾಗುತ್ತದೆ’ ಎಂದು ಅಡುಗೆ ಎಣ್ಣೆಯ ಬಗ್ಗೆ ಹೇಳಲು ನಮ್ಮ ಆಹಾರ ಸುರಕ್ಷತೆಯ ಕಾನೂನು ಬಿಡುವುದಿಲ್ಲ. ಅಕ್ಕನ ದನಿಗೂ ಅದು ಹೊಂದುವುದಿಲ್ಲ.

ಕ್ಯಾರೊಸೆಲ್‌ಗೆ ಅದರದೇ ಆದ ಕೆಲವು ಕಟ್ಟುಪಾಡುಗಳಿವೆ. ಸಾಮಾನ್ಯವಾಗಿ ಬಳಸುವ ಅಳತೆ 1080ಕ್ಕೆ 1350 ಪಿಕ್ಸೆಲ್. ಅದನ್ನು ಅಂಗೈಯಗಲದ ಪರದೆಯಲ್ಲಿ ಓದಬೇಕು. ಕನ್ನಡದ ಪದಗಳು ಉದ್ದ, ಒತ್ತಕ್ಷರಗಳಿಗೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಆದ್ದರಿಂದ ಒಂದು ಸ್ಲೈಡ್‌ಗೆ 15ರಿಂದ 20 ಪದ ಎಂದು ಮಿತಿ ಹಾಕಿಕೊಳ್ಳುವುದು ಒಳ್ಳೆಯದು. ದನಿ ಬದಲಾಗಲು ಈ ಮಿತಿ ಇಲ್ಲದಿರುವುದೂ ಒಂದು ಕಾರಣ. ಒಬ್ಬರು 8 ಪದ, ಇನ್ನೊಬ್ಬರು 45 ಪದ ಬರೆದರೆ ಉಳಿದದ್ದೆಲ್ಲ ಒಂದೇ ಆಗಿದ್ದರೂ ಉಸಿರು ಬೇರೆಯಾಗುತ್ತದೆ. ಇನ್ನೊಂದು ಸಂಗತಿ: ಮೊದಲ ಸ್ಲೈಡ್ ನೋಡಿ ಮುಂದೆ ಹೋದವರಿಗೆ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಅದೇ ಪೋಸ್ಟ್‌ನ ಎರಡನೆಯದನ್ನು ತೋರಿಸುತ್ತದೆ. ಹಾಗಾಗಿ ಎರಡನೇ ಸ್ಲೈಡ್ ‘ಅದಕ್ಕೆ ಕಾರಣ ಏನೆಂದರೆ’ ಎಂದು ನಡುವಿನಿಂದ ಶುರುವಾಗಬಾರದು, ಒಂಟಿಯಾಗಿ ನೋಡಿದವರಿಗೂ ಅರ್ಥವಾಗಬೇಕು.

ದನಿ ಒಂದೇ ಇದ್ದರೂ ಸಂದರ್ಭಕ್ಕೆ ತಕ್ಕಂತೆ ಧಾಟಿ ಬದಲಾಗಬೇಕು. ಇ-ಮೇಲ್ ಸೇವೆಯ ಅಮೆರಿಕನ್ ಕಂಪನಿ ಮೇಲ್‌ಚಿಂಪ್ ತನ್ನ ಕೈಪಿಡಿಯನ್ನು ಎಲ್ಲರಿಗೂ ಓದಲು ತೆರೆದಿಟ್ಟಿದೆ, ಅದರಲ್ಲಿ ಈ ಎರಡನ್ನು ಬಿಡಿಸಿ ಹೇಳಲಾಗಿದೆ. ನಮ್ಮ ಗಾಣದವರು ಬೆಲೆ ಏರಿಸಬೇಕಾಗಿ ಬಂತು ಎನ್ನಿ. ‘ಲೀಟರಿಗೆ 20 ರೂಪಾಯಿ ಹೆಚ್ಚಾಗಿದೆ. ಶೇಂಗಾ ಬೀಜದ ದರ ಏರಿದೆ, ಒಂದು ಲೀಟರಿಗೆ ಸುಮಾರು ಎರಡೂವರೆ ಕಿಲೋ ಬೀಜ ಬೇಕು.’ ಇಲ್ಲೂ ಉತ್ತರ ಮೊದಲು, ಕಾರಣ ಆಮೇಲೆ. ಆದರೆ ಕೆಣಕುವ ಪ್ರಶ್ನೆ ಇಲ್ಲ, ಉದ್ಗಾರ ಚಿಹ್ನೆ ಇಲ್ಲ, ಇಮೋಜಿ ಇಲ್ಲ. ಹಬ್ಬದ ಶುಭಾಶಯ, ತಡವಾದ ಪಾರ್ಸೆಲ್, ಬೆಲೆ ಏರಿಕೆ ಈ ಮೂರಕ್ಕೆ ಒಂದೊಂದು ಮಾದರಿ ಕೈಪಿಡಿಯಲ್ಲಿದ್ದರೆ ಸಾಕು. ಬರೆಯುವವರು ಗಾಬರಿಯಾಗಿ ಸುತ್ತೋಲೆಯ ಭಾಷೆಗೆ ಓಡುವುದು ಇಂಥ ಹೊತ್ತಿನಲ್ಲೇ.

ಕೈಪಿಡಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಸುಲಭ. ಮೂವರೂ ಬರೆದ ಸ್ಲೈಡ್‌ಗಳನ್ನು ತಲಾ ನಾಲ್ಕರಂತೆ ತೆಗೆದು, ಹೆಸರಿಲ್ಲದೆ ಕಲಸಿ, ತಂಡದ ಹೊರಗಿನ ಒಬ್ಬ ಹಳೆಯ ಗ್ರಾಹಕರ ಮುಂದೆ ಇಡಬೇಕು. ಬರೆದವರು ಎಷ್ಟು ಜನ ಇರಬಹುದು, ಯಾವುದು ಯಾರದು ಎಂದು ವಿಂಗಡಿಸಿ ಎನ್ನಬೇಕು. ಅವರು ಸರಿಯಾಗಿ ವಿಂಗಡಿಸಿದರೆ ಹೇಗೆ ಗೊತ್ತಾಯಿತು ಎಂದು ಕೇಳಬೇಕು. ಅವರು ಬೆರಳಿಟ್ಟು ತೋರಿಸುವ ಜಾಗದಲ್ಲಿ ಕೈಪಿಡಿಗೆ ಒಂದು ತೀರ್ಮಾನ ಸೇರಬೇಕು.

ತದ್ವಿರುದ್ಧವಾದ ತಪ್ಪೂ ಇದೆ. ಒಂದು ಪೋಸ್ಟ್ ಗೆದ್ದಿತೆಂದು ಎಲ್ಲ ಮೊದಲ ಸ್ಲೈಡ್‌ಗಳೂ ‘ನಿಮಗೆ ಗೊತ್ತೇ?’ ಎಂದು ಶುರುವಾಗತೊಡಗಿದರೆ ಬರಹಗಳು ಒಂದೇ ಥರ ಕಾಣುತ್ತವೆ ನಿಜ, ಆದರೆ ಅದು ಅಚ್ಚು ಹೊಡೆದ ಸಾಮ್ಯ. ದನಿ ಎಂಬುದು ಯೋಚಿಸುವ ಕ್ರಮದಲ್ಲಿದೆ. ನಾವು ಆರಿಸಿದ ಸ್ಲೈಡ್ ಪ್ರಶ್ನೆಯಿಂದ ಶುರುವಾಯಿತು, ಬೆಲೆಯದು ನೇರ ಸುದ್ದಿಯಿಂದ ಶುರುವಾಯಿತು, ಎರಡೂ ಅಕ್ಕನವೇ. ಹಾಗಾಗಿ ಆರಂಭದ ವಾಕ್ಯಗಳನ್ನು ಕೈಪಿಡಿಯಲ್ಲಿ ಸಿದ್ಧಮಾಡಿಡಬಾರದು.

ಕೈಪಿಡಿ ನಾಲ್ಕು ಪುಟ ದಾಟಿದರೆ ಯಾರೂ ಓದುವುದಿಲ್ಲ. ಹೊಸ ತೀರ್ಮಾನ ಸೇರಿಸಿದಾಗ ಹಳೆಯದೊಂದು ಇನ್ನೂ ಬೇಕೇ ಎಂದು ನೋಡಿ. ಪ್ರಕಟಿಸುವ ಮುನ್ನ ಎಲ್ಲವನ್ನೂ ಒಬ್ಬರೇ ಗಟ್ಟಿಯಾಗಿ ಓದಿ ತಿದ್ದಲಿ, ಕೊನೆಯ ಮಾತು ಅವರದೇ ಆಗಿರಲಿ. ಆ ಒಬ್ಬರು ಯಾರೆಂದು ಕೈಪಿಡಿಯ ಮೊದಲ ಸಾಲಿನಲ್ಲೇ ಹೆಸರಿಟ್ಟು ಬರೆಯಿರಿ.