ಕೌಂಟರ್ ಆಫರ್ ಬೇಡವೆಂದಾಗ ಬರೆಯಬೇಕಾದ ಮೇಲ್

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಒಬ್ಬ ಟೆಸ್ಟಿಂಗ್ ಇಂಜಿನಿಯರ್ ಜುಲೈ 1ರಂದು ರಾಜೀನಾಮೆ ಕೊಟ್ಟರು ಎಂದುಕೊಳ್ಳಿ. ಈಗಿನ ಸಂಬಳ ವರ್ಷಕ್ಕೆ 12 ಲಕ್ಷ, ಹೊಸ ಕಡೆ 16 ಲಕ್ಷ. ನೋಟಿಸ್ ಅವಧಿ 60 ದಿನ, ಅಂದರೆ ಆಗಸ್ಟ್ 29 ಕೊನೆಯ ದಿನ. ಮೂರನೇ ದಿನ ಮ್ಯಾನೇಜರ್ ಮೀಟಿಂಗ್ ರೂಮಿಗೆ ಕರೆದು, "ನಾವೂ 16 ಕೊಡ್ತೀವಿ, ಮುಂದಿನ ವರ್ಷ ಲೀಡ್ ಮಾಡ್ತೀವಿ, ಇಲ್ಲೇ ಇರಿ" ಅನ್ನುತ್ತಾರೆ.

ಮುಖ ನೋಡಿ ಬೇಡ ಅನ್ನಲಾಗದೆ "ಯೋಚ್ನೆ ಮಾಡಿ ಹೇಳ್ತೀನಿ ಮೇಡಂ" ಎಂದು ಎದ್ದು ಬರುವವರೇ ಹೆಚ್ಚು. ತೊಂದರೆ ಶುರುವಾಗುವುದೇ ಇಲ್ಲಿ. ಆ ಮಾತನ್ನು ಮ್ಯಾನೇಜರ್ ಅರ್ಧ ಒಪ್ಪಿಗೆಯೆಂದೇ ತಿಳಿಯುತ್ತಾರೆ. ಪೋರ್ಟಲ್‌ನಲ್ಲಿ ರಾಜೀನಾಮೆ 'ಪೆಂಡಿಂಗ್' ಆಗಿಯೇ ಉಳಿಯುತ್ತದೆ, ಕೆಲಸ ವಹಿಸಿಕೊಳ್ಳಲು ಯಾರನ್ನೂ ಗೊತ್ತುಮಾಡುವುದಿಲ್ಲ. ಆಗಸ್ಟ್ ನಡುವಿನಲ್ಲಿ ಬೇಡವೆಂದರೆ, "ನೀವು ಉಳಿಯುತ್ತೀರಿ ಅಂದುಕೊಂಡಿದ್ದೆವು, ಇನ್ನೊಂದು ತಿಂಗಳು ಇರಿ" ಎಂಬ ಉತ್ತರ ಬರುತ್ತದೆ. ಅಷ್ಟರಲ್ಲಿ ಹೊಸ ಕಂಪನಿಗೆ ಸೇರುವ ದಿನಾಂಕ ಹತ್ತಿರವಾಗಿರುತ್ತದೆ.

ಹಾಗಾಗಿ ಮನಸ್ಸು ಗಟ್ಟಿಯಾಗಿದ್ದರೆ ಮೊದಲು ಎದುರಿಗೇ ಹೇಳಿ, ಅದೇ ದಿನವೋ ಮರುದಿನವೋ ಮೇಲ್ ಕಳಿಸಿ. ಹೊಸ ಮೇಲ್ ಬೇಡ. ರಾಜೀನಾಮೆಯ ಮೇಲ್‌ಗೇ ರಿಪ್ಲೈ ಮಾಡಿ ಎಚ್‌ಆರ್ ವಿಳಾಸವನ್ನು ಸಿಸಿಯಲ್ಲಿಡಿ. ಆಗ ರಾಜೀನಾಮೆಯ ದಿನಾಂಕವೂ ನಿರಾಕರಣೆಯೂ ಒಂದೇ ಕಡೆ ದಾಖಲಾಗುತ್ತವೆ. ಬರೆಯುವುದು ಯಾವ ಭಾಷೆಯಲ್ಲಾದರೂ ಸಾರ ಇಷ್ಟು ಸಾಕು:

"ಮೇಡಂ, ನಿನ್ನೆ ನನ್ನೊಂದಿಗೆ ಮಾತನಾಡಿ ಇಲ್ಲೇ ಮುಂದುವರಿಯಲು ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದಗಳು. ಯೋಚಿಸಿದ್ದೇನೆ, ಅದನ್ನು ಒಪ್ಪಿಕೊಳ್ಳಲು ಆಗುತ್ತಿಲ್ಲ. ಜುಲೈ 1ರ ನನ್ನ ರಾಜೀನಾಮೆ ಹಾಗೆಯೇ ಇರುತ್ತದೆ, ಆಗಸ್ಟ್ 29 ನನ್ನ ಕೊನೆಯ ಕೆಲಸದ ದಿನ. ಪೋರ್ಟಲ್‌ನಲ್ಲಿ ಅನುಮೋದಿಸಿ, ಕೆಲಸ ಯಾರಿಗೆ ವಹಿಸಬೇಕೆಂದು ಈ ವಾರ ತಿಳಿಸಿದರೆ ಸೋಮವಾರದಿಂದಲೇ ಶುರುಮಾಡುತ್ತೇನೆ."

ಇದರಲ್ಲಿ ಹೊಸ ಕಂಪನಿಯ ಹೆಸರಿಲ್ಲ, ಸಂಬಳದ ಅಂಕಿಯಿಲ್ಲ, ಕಾರಣವೂ ಇಲ್ಲ. ಕಾರಣ ಬರೆದರೆ ಅದಕ್ಕೊಂದು ಪರಿಹಾರ ಹುಡುಕಿಕೊಂಡು ಮ್ಯಾನೇಜರ್ ಮತ್ತೆ ಬರುತ್ತಾರೆ. ಮನೆ ದೂರ ಅಂದರೆ ವರ್ಕ್ ಫ್ರಮ್ ಹೋಮ್, ಸಂಬಳ ಕಡಿಮೆ ಅಂದರೆ ಇನ್ನೊಂದು ಲಕ್ಷ. ಹಾಗೆಯೇ "ಸದ್ಯಕ್ಕೆ", "ಬಹುಶಃ" ಎಂಬ ಪದಗಳನ್ನು ತೆಗೆದುಹಾಕಿ. ಸೌಜನ್ಯಕ್ಕೆಂದು ಬರೆದರೂ ಅವು ಬಾಗಿಲು ತೆರೆದಿಡುತ್ತವೆ. ಹಳೆಯ ಅಸಮಾಧಾನ ಬೇಡವೇ ಬೇಡ. ಆ ಮೇಲ್ ಎಚ್‌ಆರ್ ಫೈಲಿನಲ್ಲಿ ಉಳಿಯುತ್ತದೆ.

ಉತ್ತರ ಬಾರದಿದ್ದರೆ ಎರಡು ಮೂರು ದಿನ ಬಿಟ್ಟು, ಕೊನೆಯ ದಿನಾಂಕವನ್ನಷ್ಟೇ ಖಚಿತಪಡಿಸುವಂತೆ ಎಚ್‌ಆರ್‌ಗೆ ನೇರವಾಗಿ ಬರೆಯಿರಿ. ಕೊನೆಯ ದಿನ ಕಂಪನಿಯ ಮೇಲ್ ಬಂದ್ ಆಗುತ್ತದೆ. ನಿಯಮ ಅಡ್ಡಿಯಾಗದಿದ್ದರೆ ರಾಜೀನಾಮೆ, ನಿರಾಕರಣೆ, ಅನುಮೋದನೆ ಈ ಮೂರರ ಪ್ರತಿಯನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ರಿಲೀವಿಂಗ್ ಲೆಟರ್ ತಡವಾದರೆ ಹೊಸ ಕಂಪನಿಗೆ ತೋರಿಸಲು ನಿಮ್ಮ ಕೈಯಲ್ಲಿರುವುದು ಅವಷ್ಟೇ.